ಗಾಜಿನ ಲೋಟದಲ್ಲಿ ಒಂದು ಚಿಟಿಕೆ ಪುಡಿ

ಕಾಫಿ ಬೀಸುವ ಯಂತ್ರದ ಹೊಟ್ಟೆ ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಬೀಜವೆಲ್ಲ ಪುಡಿಯಾಗಿ ಬಂದು, ಮೋಟಾರು ನಿಲ್ಲಿಸಿದ ಮೇಲೂ ಒಳಗೆ ಮತ್ತು ಕೆಳಗಿನ ಮೂತಿಯಲ್ಲಿ ಒಂದು ಹಿಡಿಯಷ್ಟು ಪುಡಿ ಕೂತೇ ಇರುತ್ತದೆ. ಮುಂದಿನ ಗಿರಾಕಿಯ ಪೊಟ್ಟಣಕ್ಕೆ ಮೊದಲು ಬೀಳುವುದು ಅದೇ. ಹಾಗಾಗಿ ಚಿಕೋರಿ ಬೆರೆಸಿ ಬೀಸಿದ ಮೇಲೆ ಅದೇ ಯಂತ್ರದಲ್ಲಿ ಪ್ಯೂರ್ ಕಾಫಿ ಬೀಸಬೇಕಾದರೆ, ಮೊದಲು ಒಂದು ಹಿಡಿ ಬರೀ ಬೀಜ ಹಾಕಿ ಓಡಿಸಬೇಕು. ಬಂದ ಪುಡಿಯನ್ನು ಬೆರಕೆಯ ಡಬ್ಬಕ್ಕೆ ಸುರಿದು, ಆಮೇಲೆ ಗಿರಾಕಿಯ ಬೀಜ ಹಾಕಬೇಕು. ಇದಕ್ಕೆ ನಮ್ಮ ಅಂಗಡಿಯಲ್ಲಿ 'ಬಾಯಿ ತೊಳೆಸುವುದು' ಎನ್ನುತ್ತಿದ್ದೆವು. ಆ ಮಾತು ನನ್ನ ಹೆಂಡತಿಯದು.

ನಾನು ಹಾಸನದ ಕಡೆಯವನು. ಏಳನೆಯ ತರಗತಿಗೆ ಶಾಲೆ ಬಿಟ್ಟವನು, ದೆಹಲಿಗೆ ಬಂದು ಒಂದು ಸರ್ಕಾರಿ ಕಚೇರಿಯ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಕಾಫಿ ಬೆರೆಸಿ, ಕೊನೆಗೆ ದ್ವಾರಕಾದ ಒಂದು ಸೆಕ್ಟರ್ ಮಾರ್ಕೆಟ್ಟಿನಲ್ಲಿ ಸ್ವಂತ ಕಾಫಿ ಪುಡಿ ಅಂಗಡಿ ಇಟ್ಟವನು. ಬೀಜ ಹುರಿಯುವುದು, ಬೀಸುವುದು, ತೂಗುವುದು ಎಲ್ಲ ನಾನೇ. ಗಲ್ಲಾಪೆಟ್ಟಿಗೆಯಲ್ಲಿ ಹೆಂಡತಿ. ಫರೀದಾಬಾದಿನಿಂದ, ಗ್ರೇಟರ್ ನೋಯ್ಡಾದಿಂದ ಜನ ಭಾನುವಾರ ಬೆಳಗ್ಗೆ ಕಾರಿನಲ್ಲಿ ಬಂದು ನನ್ನ ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಹುರಿಯುವ ವಾಸನೆ ಹಿಡಿದೇ ಬಂದೆವು ಎಂದು ಒಬ್ಬ ನಿವೃತ್ತ ಅಧಿಕಾರಿ ಪ್ರತಿ ಸಲವೂ ಹೇಳುತ್ತಿದ್ದರು. ಪ್ರತಿ ಸಲವೂ ನನಗೆ ಎದೆ ಉಬ್ಬುತ್ತಿತ್ತು. ಗೋಡೆಯ ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿದ್ದೆ: 'ಪ್ಯೂರ್ ಅಂದರೆ ಪ್ಯೂರ್.' ಅದಕ್ಕಾಗಿಯೇ ಎರಡು ಯಂತ್ರ ಇಟ್ಟಿದ್ದೆ. ಒಂದು ಬೆರಕೆಗೆ, ಒಂದು ಚಿಕೋರಿಯ ಮುಖವನ್ನೇ ಕಾಣದ್ದು.

ಆ ವರ್ಷ ಗೌರಿ ಹಬ್ಬದ ಹತ್ತಿರ ಆ ಎರಡನೆಯ ಯಂತ್ರದ ಮೋಟಾರು ಸುಟ್ಟುಹೋಯಿತು. ತಂತಿ ಸುತ್ತಿಸಲು ಫರೀದಾಬಾದಿಗೆ ಕಳಿಸಿದ್ದೆ. ಅವರು ನಾಳೆ, ನಾಡಿದ್ದು ಎನ್ನುತ್ತಲೇ ಇದ್ದರು. ಅಲ್ಲಿಯವರೆಗೆ ಎಲ್ಲವನ್ನೂ ಒಂದರಲ್ಲೇ ಬೀಸಬೇಕಾಯಿತು. ಮೊದಮೊದಲು ಪ್ರತಿ ಸಲವೂ ಬಾಯಿ ತೊಳೆಸಿದೆ. ಹಬ್ಬದ ಜನ ಹೆಚ್ಚಾದಂತೆ, "ಭಯ್ಯಾ, ಜಲ್ದಿ" ಎನ್ನುವವರು ಹೆಚ್ಚಾದಂತೆ, ಒಂದೊಂದು ಸಲ ಬಿಟ್ಟೆ. ಆಮೇಲೆ ಬಿಡುವುದೇ ಅಭ್ಯಾಸವಾಯಿತು. ದೊಡ್ಡ ಪೊಟ್ಟಣದಲ್ಲಿ ಒಂದು ಹಿಡಿ ಬೆರಕೆ ಎಲ್ಲಿ ತಿಳಿಯುತ್ತದೆ? ಹಾಗೆಂದುಕೊಂಡೆ. ಸಣ್ಣ ಪೊಟ್ಟಣ ಕೊಳ್ಳುವವರ ನೆನಪೇ ಬರಲಿಲ್ಲ.

ಸಣ್ಣ ಪೊಟ್ಟಣ ಕೊಳ್ಳುವವರು ವಿದ್ಯಾರ್ಥಿಗಳು. ಅವರಲ್ಲಿ ಒಬ್ಬಳು ವಿಜಾಪುರದ ಕಡೆಯ ಹುಡುಗಿ. ವಿಶ್ವವಿದ್ಯಾಲಯದಲ್ಲಿ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಬಸ್ಸಿನಲ್ಲಿ ಬಂದು ಕಾಲು ಕಿಲೋ ಪ್ಯೂರ್ ಒಯ್ಯುತ್ತಿದ್ದಳು. ಒಂದು ಭಾನುವಾರ ಅದೇ ಪೊಟ್ಟಣ ಹಿಡಿದು ಮರಳಿ ಬಂದಳು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಅಂಕಲ್, ಇದರಾಗ ಚಿಕೋರಿ ಐತ್ರಿ," ಎಂದಳು. ಮೆಲ್ಲಗೇ ಹೇಳಿದಳು. ಬೇಕಿದ್ದರೆ ನಾನೂ ಮೆಲ್ಲಗೆ ಉತ್ತರಿಸಬಹುದಿತ್ತು.

"ಎಲ್ಲಿಂದ ಬರುತ್ತೆ? ಗೋಡೆ ಮೇಲೆ ಏನು ಬರೆದಿದೆ ಓದಿದ್ದೀಯಾ?"

"ಓದೀನಿ. ನೀರಿನಾಗ ಹಾಕಿ ನೋಡೀನಿ. ತಳಕ್ಕ ಇಳೀತೈತಿ."

ನಿವೃತ್ತ ಅಧಿಕಾರಿ ಪಕ್ಕದಲ್ಲೇ ನಿಂತಿದ್ದರು. ಅವರ ಕಿವಿಗೂ ಬೀಳುವಂತೆ ಹೇಳಿದೆ: "ನಿಮ್ಮ ಕಡೆ ಚಹಾ ಕುಡಿಯೋರಮ್ಮಾ. ಕಾಫಿ ರುಚಿ ಗೊತ್ತಾಗೋಕೆ ಇನ್ನೂ ಸ್ವಲ್ಪ ದಿನ ಬೇಕು. ಅಲ್ಲಿವರೆಗೆ ನೀರಿನಲ್ಲಿ ಹಾಕಿ ಆಟ ಆಡ್ತಿರು."

ಜನ ನಕ್ಕರು. ಅಧಿಕಾರಿಯೂ ನಕ್ಕರು. ಅವಳೂ ಅರ್ಧ ನಕ್ಕಳು. ಅಷ್ಟು ಜನರ ನಡುವೆ ಬೇರೇನು ಮಾಡಿಯಾಳು? ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಗಲ್ಲಾಪೆಟ್ಟಿಗೆಯಿಂದ ಹೆಂಡತಿ ನನ್ನನ್ನು ನೋಡಿದಳು. ಚಿಲ್ಲರೆ ಎಣಿಸುತ್ತಿದ್ದ ಕೈ ನಿಂತಿತ್ತು. "ಮುಂದಿನವರು," ಎಂದೆ ನಾನು.

ಅದಾದ ಮೇಲಿನ ವಾರ ಮಗಳು ಕಾಲೇಜಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಅಂಗಡಿಯ ಹಿಂಬದಿಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತಳು. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ದೆಹಲಿಯಲ್ಲೇ. ಅವಳ ಒಂದು ವಾಕ್ಯದಲ್ಲಿ ಮೂರು ಭಾಷೆ ಇರುತ್ತದೆ.

"ಅಪ್ಪಾ, ಯೇ ದೇಖೋ. ನಮ್ಮ ಅಂಗಡಿ ಮೇಲೆ ಯಾರೋ ವೀಡಿಯೊ ಹಾಕಿದ್ದಾರೆ. ದೆಹಲಿ ಕನ್ನಡದವರ ಈಮೇಲ್ ಗ್ರೂಪಲ್ಲಿ ಎಲ್ಲರಿಗೂ ಹೋಗಿದೆ."

ಆ ಕಾಲಕ್ಕೆ ಜನ ತಾವೇ ವೀಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕುವುದು ಹೊಸತು. ತುಂಡುತುಂಡಾಗಿ ಓಡುತ್ತಿತ್ತು, ನಡುನಡುವೆ ನಿಂತು ಚಕ್ರ ತಿರುಗುತ್ತಿತ್ತು. ಹಾಸ್ಟೆಲಿನ ಮೇಜು, ಎರಡು ಗಾಜಿನ ಲೋಟ, ನಮ್ಮ ಅಂಗಡಿಯ ಪೊಟ್ಟಣ. ಅದೇ ಹುಡುಗಿ. ಒಂದು ಲೋಟದ ತಣ್ಣೀರಿಗೆ ಬೇರೆಲ್ಲಿಂದಲೋ ತಂದ ಕಾಫಿ ಪುಡಿ ಉದುರಿಸಿದಳು. ಅದು ಮೇಲೆ ತೇಲಿತು. ಇನ್ನೊಂದಕ್ಕೆ ನಮ್ಮದು ಉದುರಿಸಿದಳು. ಸ್ವಲ್ಪ ತೇಲಿತು, ಉಳಿದದ್ದು ಕಂದು ಬಣ್ಣದ ಎಳೆಗಳನ್ನು ಬಿಡುತ್ತಾ ತಳಕ್ಕೆ ಇಳಿಯಿತು. "ಶಾಲಿ ಪುಸ್ತಕದಾಗ ಇದ್ದ ಪರೀಕ್ಷೆ ಇದು. ಪ್ಯೂರ್ ಅಂತ ರೊಕ್ಕ ಕೊಟ್ಟೀನಿ, ಪ್ಯೂರ್ ಬೇಕು. ಇಷ್ಟ ನನ್ನ ಮಾತು," ಎಂದು ಮುಗಿಸಿದಳು. ನನ್ನ ಬಗ್ಗೆ ಒಂದು ಕೆಟ್ಟ ಮಾತಿಲ್ಲ. ಅಂಗಡಿಗೆ ಬಂದಿದ್ದೆ, ಹೀಗೆ ನಗೆಪಾಟಲು ಮಾಡಿ ಕಳಿಸಿದರು ಎಂಬುದನ್ನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಆ ಪರೀಕ್ಷೆ ನನಗೂ ಗೊತ್ತಿತ್ತು. ಆ ಪಾಠ ಬರುವ ತರಗತಿಗೆ ನಾನು ಹೋಗದಿದ್ದರೂ ಕಸುಬಿನಲ್ಲಿ ಕಲಿತಿದ್ದೆ. ಅದಕ್ಕೆ ಎದುರು ವಾದವೂ ಗೊತ್ತಿತ್ತು. ತೀರ ಸಣ್ಣಗೆ ಬೀಸಿದರೆ ಶುದ್ಧ ಕಾಫಿಯೂ ಒಂದಷ್ಟು ಮುಳುಗುತ್ತದೆ. ಇದನ್ನೇ ಹೇಳಿ ಅವಳ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡೆ. ಆದರೆ ಮೊದಲು ನಾನೇ ನೋಡಿಬಿಡೋಣ ಎನಿಸಿತು. ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಎಪ್ಪತ್ತು ಪಾಲು ಕಾಫಿ, ಮೂವತ್ತು ಪಾಲು ಚಿಕೋರಿಯ ಎಪ್ಪತ್ತು-ಮೂವತ್ತು ಬೆರಕೆ ಬೀಸಿ, ಬಾಯಿ ತೊಳೆಸದೆ ಕಾಲು ಕಿಲೋ ಪ್ಯೂರ್ ಬೀಸಿದೆ. ಲೋಟದ ನೀರಿಗೆ ಹಾಕಿದೆ. ಅವಳ ವೀಡಿಯೊದಲ್ಲಿ ಕಂಡ ಎಳೆಗಳೇ. ಸಣ್ಣ ಪುಡಿ ಮುಳುಗಿದರೂ ಹಾಗೆ ಬಣ್ಣ ಬಿಡುವುದಿಲ್ಲ. ಹೆಂಡತಿ ಬಂದು ಲೋಟ ನೋಡಿದಳು.

"ಆ ಹುಡುಗಿ ಬಂದಾಗಲೇ ನೋಡಬಹುದಿತ್ತು," ಎಂದಳು. ಅಷ್ಟೇ.

ಉತ್ತರದ ವೀಡಿಯೊ ಮಾಡೋಣ ಎಂದವಳು ಮಗಳು. ಅವಳ ಡಿಜಿಟಲ್ ಕ್ಯಾಮೆರಾದಲ್ಲಿ ವೀಡಿಯೊ ಹಿಡಿಯುವ ಗುಂಡಿಯೂ ಇತ್ತು. ಚಿಕೋರಿ ಚೀಲದ ಮೇಲೆ ಕ್ಯಾಮೆರಾ ನಿಲ್ಲಿಸಿದಳು. ಮೊದಲ ಸಲ ನಾನು ಮಾತಾಡಿದ್ದು ಹೀಗೆ: "ನಾನು ಇಷ್ಟು ವರ್ಷದಿಂದ ಈ ಕಸುಬು ಮಾಡ್ತಿದ್ದೀನಿ, ನನಗೆ ಯಾರೂ ಒಂದು ಮಾತು ಅಂದಿಲ್ಲ, ಮೋಟಾರು ಸುಟ್ಟಿತ್ತು, ಹಬ್ಬದ ರಶ್ಶು..."

"ಕಟ್, ಕಟ್!" ಮಗಳು ತಲೆ ಹಿಡಿದುಕೊಂಡಳು. "ಅಪ್ಪಾ, ಪ್ಲೀಸ್. ಯಾರಿಗೆ ಬೇಕು ನಿಮ್ಮ ಲೈಫ್ ಸ್ಟೋರಿ? ಅವರು ಏನು ಕೇಳಿದರು?"

"ಪ್ಯೂರ್ ಯಾಕೆ ಮುಳುಗಿತು ಅಂತ."

"ಅದಕ್ಕೆ ಮಾತ್ರ ಜವಾಬು ಕೊಡಿ. ಕೈ ಯಾಕೆ ಹಾಗೆ ಬೀಸ್ತೀರಾ? ಪೊಲೀಸ್ ತರಹ ಕಾಣ್ತೀರಾ. ಲೋಟ ಹಿಡ್ಕೊಳ್ಳಿ. 'ಆದರೆ' ಅನ್ನಬೇಡಿ. ಒಂದು ಸಲ ಅಂದ್ರೂ ಡಿಲೀಟ್ ಮಾಡ್ತೀನಿ."

ಹಲವು ಸಲ ಡಿಲೀಟ್ ಮಾಡಿದಳು. 'ಆದರೆ' ಇಲ್ಲದೆ ಮಾತಾಡುವುದು ಎಷ್ಟು ಕಷ್ಟ ಎಂದು ಆವತ್ತು ತಿಳಿಯಿತು. ಕೊನೆಗೆ ಬಂದದ್ದು ಇದು:

"ನಮಸ್ಕಾರ. ನಮ್ಮ ಪ್ಯೂರ್ ಪುಡಿಯಲ್ಲಿ ಚಿಕೋರಿ ಇದೆ ಅಂತ ಒಬ್ಬ ಗಿರಾಕಿ ತೋರಿಸಿದ್ದಾರೆ. ಅವರು ಹೇಳಿದ್ದು ಸರಿ. ನಾನೂ ಮಾಡಿ ನೋಡಿದೆ, ನೀವೂ ನೋಡಿ." ಇಲ್ಲಿ ಲೋಟಕ್ಕೆ ಪುಡಿ ಹಾಕಿದೆ, ಎಳೆ ಇಳಿಯುವವರೆಗೆ ಸುಮ್ಮನಿದ್ದೆ. "ಬೆರಕೆ ಬೀಸಿದ ಯಂತ್ರದಲ್ಲೇ ಪ್ಯೂರ್ ಬೀಸಿದೆ. ನಡುವೆ ಯಂತ್ರ ಸ್ವಚ್ಛ ಮಾಡಬೇಕಿತ್ತು, ಮಾಡಲಿಲ್ಲ. ಸಣ್ಣ ಪೊಟ್ಟಣ ತಗೊಂಡವರಿಗೇ ಹೆಚ್ಚು ಬೆರಕೆ ಬಂದಿದೆ. ಹಬ್ಬದಿಂದ ಈಚೆಗೆ ಪ್ಯೂರ್ ತಗೊಂಡವರು ಬನ್ನಿ, ಪೊಟ್ಟಣ ಇಲ್ಲದಿದ್ದರೂ ಬನ್ನಿ, ಬೇರೆ ಕೊಡ್ತೀನಿ. ಇನ್ನೊಂದು ಯಂತ್ರ ರಿಪೇರಿಯಾಗಿ ಬರೋವರೆಗೆ ಪ್ಯೂರ್ ಮಾರುವುದಿಲ್ಲ. ತೋರಿಸಿಕೊಟ್ಟವರಿಗೆ ಥ್ಯಾಂಕ್ಸ್."

ಮಗಳು ಚಪ್ಪಾಳೆ ತಟ್ಟಿದಳು. ವೀಡಿಯೊ ಹಾಕುವ ಆ ತಾಣದಲ್ಲಿ ಒಂದು ವ್ಯವಸ್ಥೆ ಇತ್ತು: ಒಬ್ಬರ ವೀಡಿಯೊಕ್ಕೆ ಉತ್ತರವಾಗಿ ನಮ್ಮದನ್ನು ಅದರ ಕೆಳಗೇ ಸೇರಿಸಬಹುದು, ಆದರೆ ಮೊದಲಿನವರು ಒಪ್ಪಿಗೆ ಕೊಡಬೇಕು. ಮಗಳು ಕೇಳಿ ಕಳಿಸಿದಳು. ಆ ಹುಡುಗಿ ಒಪ್ಪಿದಳು. ತಾನು ದೂರು ಹೇಳಿದ ಜಾಗದಲ್ಲೇ ನನಗೂ ಮಾತಾಡಲು ಜಾಗ ಕೊಟ್ಟಳು. ಅವಳೇ ಕೆಳಗೆ ಬರೆದಿದ್ದಳು: 'ಸರಿಯಾದ ಉತ್ತರ. ಧನ್ಯವಾದ.'

ಅಲ್ಲಿಗೆ ಮುಗಿಯಬೇಕಿತ್ತು.

ನನ್ನ ವೀಡಿಯೊ ಅವಳದಕ್ಕಿಂತ ಹೆಚ್ಚು ಓಡಿತು. ಬೆಂಗಳೂರಿನಿಂದ, ದುಬೈನಿಂದ ಜನ ಕಾಮೆಂಟು ಬರೆದರು. 'ಎಂಥ ಸೌಜನ್ಯ.' 'ಇಂಥವರ ಅಂಗಡಿಗೇ ಹೋಗಬೇಕು.' ಮಗಳು ಓದಿ ಹೇಳುತ್ತಿದ್ದಳು, ನಾನು ಬೀಜ ಹುರಿಯುತ್ತಾ ಕೇಳುತ್ತಿದ್ದೆ. ಬೆರಕೆ ಕೊಳ್ಳಲು ಹೊಸ ಮುಖಗಳು ಬಂದವು. ನನ್ನ ಕೈ ಕುಲುಕಿದರು. ಪೊಟ್ಟಣ ಬದಲಿಸಿಕೊಳ್ಳಲು ಬಂದವರು ಬೆರಳೆಣಿಕೆಯಷ್ಟೇ. "ಬಿಡಿ ಸಾರ್, ಪರವಾಗಿಲ್ಲ" ಎನ್ನುವವರೇ ಹೆಚ್ಚು.

ಬರಬರುತ್ತಾ ಕಾಮೆಂಟುಗಳು ಬೇರೆ ದಾರಿ ಹಿಡಿದವು. ಒಬ್ಬ ಬರೆದ: 'ಪಾಪ, ಇಷ್ಟು ಒಳ್ಳೆ ಮನುಷ್ಯನನ್ನು ಬೀದಿಗೆ ಎಳೆದಳು.' ಇನ್ನೊಬ್ಬ: 'ಅಂಗಡಿಗೆ ಹೋಗಿ ನೇರ ಹೇಳುವುದಕ್ಕೆ ಏನಾಗಿತ್ತು ಇವಳಿಗೆ?' ಅದಕ್ಕೆ ಎಷ್ಟೋ ಜನ ಹೌದು ಹೌದು ಎಂದರು. ಕಾಲು ಕಿಲೋ ಕೊಳ್ಳುವಷ್ಟೇ ಯೋಗ್ಯತೆಯವಳು ಎಂದು ಒಬ್ಬ. ಅವಳ ಮಾತಿನ ಧಾಟಿಯನ್ನು ಅಣಕಿಸಿದವನು ಒಬ್ಬ. 'ಹೆಸರು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ' ಎಂದು ಬರೆದವನೂ ಒಬ್ಬನಿದ್ದ. ಅವಳು ಮುಸಲ್ಮಾನರ ಹುಡುಗಿ. ಅಲ್ಲಿಯವರೆಗೆ ನನ್ನ ಅಂಗಡಿಯಲ್ಲಿ ಅದು ಯಾರಿಗೂ ಲೆಕ್ಕಕ್ಕೆ ಬಂದಿರಲಿಲ್ಲ.

ಓದುತ್ತಾ ಓದುತ್ತಾ ಮಗಳ ದನಿ ಸಣ್ಣದಾಯಿತು. ತಟ್ಟನೆ ನನ್ನ ಕಡೆ ತಿರುಗಿದಳು. "ಅಪ್ಪಾ, ಅವರು ನಿಜವಾಗಲೂ ಅಂಗಡಿಗೆ ಬಂದೇ ಇರಲಿಲ್ವಾ?"

ಹುರಿಯುವ ಡ್ರಮ್ಮಿನ ಹಿಡಿ ತಿರುಗಿಸುತ್ತಿದ್ದೆ. "ದಿನಕ್ಕೆ ಎಷ್ಟೋ ಜನ ಬರ್ತಾರೆ. ಯಾರನ್ನು ಅಂತ ನೆನಪಿಟ್ಟುಕೊಳ್ಳಲಿ?"

ಹೆಂಡತಿ ಅಲ್ಲೇ ಪೊಟ್ಟಣದ ಬಾಯಿ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. ಅವಳು ಒಂದು ಮಾತು ಆಡಿದ್ದರೆ ನಾನು ಜಗಳ ತೆಗೆದು ಹಗುರಾಗುತ್ತಿದ್ದೆ. ಆಡಲಿಲ್ಲ.

ನಮ್ಮ ವೀಡಿಯೊದ ಕೆಳಗಿನ ಕಾಮೆಂಟು ಅಳಿಸುವ ಅಧಿಕಾರ ನಮಗಿತ್ತು. ಮಗಳು ಆ ಹೆಸರಿನ ಮಾತನ್ನೂ ಅಂಥವನ್ನೂ ಅಳಿಸಿದಳು. 'ಅಂಗಡಿಗೆ ಹೋಗಿ ಹೇಳಬಾರದಿತ್ತಾ' ಎಂಬುದನ್ನು ಬಿಟ್ಟಳು. ಅದರಲ್ಲಿ ಅವಳಿಗೆ ತಪ್ಪು ಕಾಣಲಿಲ್ಲ. ಕಾಣಬೇಕಿದ್ದವನು ನಾನು. ಆ ಸಾಲಿಗೆ ಉತ್ತರ ಗೊತ್ತಿದ್ದವರು ಜಗತ್ತಿನಲ್ಲಿ ಮೂರೇ ಜನ ಎನಿಸುತ್ತಿತ್ತು: ನಾನು, ನನ್ನ ಹೆಂಡತಿ, ಆ ಹುಡುಗಿ. ಹಾಗೆ ನೋಡಿದರೆ ಆವತ್ತು ನಕ್ಕವರೆಲ್ಲರಿಗೂ ಗೊತ್ತಿತ್ತು. ನಕ್ಕವರು ಮರೆತಿದ್ದರು. ಅವಳಾದರೂ ಬರೆಯಬಹುದಿತ್ತು: ಬಂದಿದ್ದೆ, ಹೀಗೆಂದರು. ದಿನವೂ ಮಗಳನ್ನು ಕೇಳುತ್ತಿದ್ದೆ, ಅವಳೇನಾದರೂ ಬರೆದಳಾ ಎಂದು. ಬರೆಯಲಿ ಎಂದೂ ಬರೆಯದಿರಲಿ ಎಂದೂ ಎರಡೂ ಮನಸ್ಸಿನಲ್ಲಿತ್ತು. ಅವಳು ಬರೆಯಲಿಲ್ಲ. ಒಂದು ಸಂಜೆ ಮಗಳು ಹೇಳಿದಳು:

"ಅವರು ತಮ್ಮ ವೀಡಿಯೊನೇ ತೆಗೆದುಬಿಟ್ಟಿದ್ದಾರೆ, ಅಪ್ಪಾ. ಈಗ ನಿಮ್ಮದು ಒಂದೇ ಇದೆ."

ಕೂತು ನೋಡಿದೆ. ದೂರು ಇಲ್ಲ, ಉತ್ತರ ಮಾತ್ರ ಇದೆ. ಒಬ್ಬ ಗಂಡಸು ಲೋಟ ಹಿಡಿದು ತಣ್ಣಗೆ ಮಾತಾಡುತ್ತಿದ್ದಾನೆ. ಹೇಳಿದ ಒಂದೊಂದು ಮಾತೂ ನಿಜ. ನೋಡಿದವರಿಗೆ ಇವನು ಯಾರನ್ನೂ ನೋಯಿಸುವವನಲ್ಲ ಎನಿಸುತ್ತದೆ. ನನಗೇ ಹಾಗೆ ಎನಿಸಿತು. ಹಾಗೆ ಎನಿಸಿದ ಕೂಡಲೇ ವೀಡಿಯೊ ನಿಲ್ಲಿಸಿದೆ. ಅವಳು ಪೊಟ್ಟಣ ಚೀಲಕ್ಕೆ ಹಾಕಿಕೊಂಡು, ಅರ್ಧ ನಕ್ಕು, ಜನರ ನಡುವೆ ದಾರಿ ಮಾಡಿಕೊಂಡು ಹೋದದ್ದು ಕಣ್ಣಿಗೆ ಬಂತು.

"ಬಂದಿದ್ದಳು," ಎಂದೆ.

"ಯಾರು?"

"ಆ ಹುಡುಗಿ. ವೀಡಿಯೊ ಮಾಡೋಕೆ ಮುಂಚೆ ಅಂಗಡಿಗೇ ಬಂದಿದ್ದಳು." ಚಹಾದ ಮಾತನ್ನೂ ಹೇಳಿದೆ. ಮಗಳು ಅಮ್ಮನ ಕಡೆ ನೋಡಿದಳು, ಅಮ್ಮ ತಲೆಯಾಡಿಸಿದಳು.

"ಅಚ್ಛಾ," ಎಂದಳು ಮಗಳು. ಕಂಪ್ಯೂಟರಿನ ಪರದೆ ಆರಿಸಿದಳು. ಆಮೇಲೆ, "'ಆದರೆ' ಅನ್ನಬೇಡಿ ಅಂತ ನಾನು ನಿಮಗೆ ಪಾಠ ಮಾಡ್ತಿದ್ದೆ. ನೀವು ಇದನ್ನೇ ಬಿಟ್ಟಿರಿ!"

"ಕೇಳಿದ್ದಕ್ಕೆ ಮಾತ್ರ ಜವಾಬು ಕೊಡಿ ಅಂತ ನೀನೇ ಅಂದಿದ್ದು."

ಆ ಮಾತು ಬಾಯಿಂದ ಬಿದ್ದ ಕೂಡಲೇ ನಾಚಿಕೆಯಾಯಿತು. ಮಗಳ ಮುಖ ಕೆಂಪಾಯಿತು. ಎದ್ದು ಹೋದಳು. ಸ್ವಲ್ಪ ಹೊತ್ತಾದ ಮೇಲೆ ಕ್ಯಾಮೆರಾ ತಂದು ಚಿಕೋರಿ ಚೀಲದ ಮೇಲೆ ಇಟ್ಟಳು. "ಮಾತಾಡಿ. ಈ ಸಲ ನಾನು ಏನೂ ಹೇಳಲ್ಲ."

ಒಂದೇ ಸಲಕ್ಕೆ ಮುಗಿಯಿತು. ಈ ಗಿರಾಕಿ ಮೊದಲು ನನ್ನ ಬಳಿಗೇ ಬಂದಿದ್ದರು. ಎಲ್ಲರ ಎದುರು, ಚಹಾ ಕುಡಿಯುವವರು ಎಂದು ಅವರನ್ನು, ಅವರ ಊರಿನ ಕಡೆಯನ್ನು ಹೀಯಾಳಿಸಿ ಕಳಿಸಿದೆ. ಅದನ್ನು ಮೊದಲ ವೀಡಿಯೊದಲ್ಲಿ ಹೇಳಲಿಲ್ಲ. ಅಂಗಡಿಗೆ ಯಾಕೆ ಹೋಗಲಿಲ್ಲ ಎಂದು ಅವರನ್ನು ಬೈದವರು ನನ್ನನ್ನು ಬೈಯಬೇಕು. ಹೀಗೆ ಹೇಳಿದೆ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ನೋಡಲು ಚೆನ್ನಾಗಿರಲಿಲ್ಲ.

"ಹಳೇದನ್ನ ತೆಗೆದುಬಿಡು," ಎಂದೆ.

"ಅಷ್ಟು ಜನ ನೋಡಿದ್ದಾರೆ ಅಪ್ಪಾ. ಅದನ್ನು ನೋಡಿಯೇ ಗಿರಾಕಿಗಳು ಬರ್ತಿದ್ದಾರೆ."

"ಅದಕ್ಕೇ."

ತೆಗೆದಳು. ಹೊಸದನ್ನು ಸೇರಿಸಲು ಅವಳ ವೀಡಿಯೊ ಇರಲಿಲ್ಲ. ಸುಮ್ಮನೆ ಅದರಷ್ಟಕ್ಕೆ ಹಾಕಿದೆವು, ಈಮೇಲ್ ಗ್ರೂಪಿಗೂ ಕಳಿಸಿದೆವು. ನೋಡಿದವರು ಕಡಿಮೆ. ನೋಡಿದವರಲ್ಲಿ ಕೆಲವರು ನನ್ನನ್ನು ಬೈದರು, ಅದು ಸರಿಯೇ. ಇನ್ನು ಕೆಲವರು ಎಂಥ ದೊಡ್ಡ ಮನಸ್ಸು ಎಂದು ಮತ್ತೆ ಹೊಗಳಿದರು. ಆ ಹೊಗಳಿಕೆ ಓದುವಾಗ ಮಗಳನ್ನು ನಿಲ್ಲಿಸಿದೆ. ನಿವೃತ್ತ ಅಧಿಕಾರಿ ಮಾತ್ರ ಮುಂದಿನ ಭಾನುವಾರ ಹುರಿಯುವ ವಾಸನೆಯ ಮಾತೆತ್ತದೆ ಪುಡಿ ಒಯ್ದರು. ನಕ್ಕದ್ದು ಅವರಿಗೂ ನೆನಪಾಗಿರಬೇಕು.

ಮೋಟಾರು ಬಂತು. ಪ್ಯೂರ್ ಮತ್ತೆ ಶುರುವಾಯಿತು. ಗೋಡೆಯ ಮೇಲಿನ ಬರಹಕ್ಕೆ ಸುಣ್ಣ ಬಳಿಸಿದೆ. ಅದರ ಬದಲು ತಕ್ಕಡಿಯ ಪಕ್ಕದಲ್ಲಿ ನೀರು ತುಂಬಿದ ಒಂದು ಗಾಜಿನ ಲೋಟ ಇಟ್ಟೆ. ಬೇಕಾದವರು ಒಂದು ಚಿಟಿಕೆ ಹಾಕಿ ನೋಡಬಹುದು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವಳು ಬಂದಳು. ಕುತ್ತಿಗೆಗೆ ಮಫ್ಲರ್ ಸುತ್ತಿದ್ದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ಎದ್ದು ತನ್ನ ಸ್ಟೂಲನ್ನೇ ಮುಂದಕ್ಕೆ ತಳ್ಳಿದಳು. "ಬಾಮ್ಮಾ, ಕೂತ್ಕೋ."

ಅವಳು ಕೂರಲಿಲ್ಲ. "ಎರಡನೇ ವೀಡಿಯೊ ನೋಡೀನ್ರಿ ಅಂಕಲ್," ಎಂದಳು. "ಚಹಾದ ಮಾತು ಹೇಳಬಾರದಿತ್ರಿ. ಈಗ ಹಾಸ್ಟೆಲಿನಾಗ ಎಲ್ಲಾರೂ ನನ್ನ ಚಹಾ ಅಂತ ಕರೀತಾರ."

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. "ತಪ್ಪಾಯ್ತಮ್ಮಾ," ಎಂದೆ. "ನೀನು ನಿನ್ನ ವೀಡಿಯೊ ಮತ್ತೆ ಹಾಕು. ಅದು ಇರಬೇಕು."

"ಬ್ಯಾಡ್ರಿ. ನಮ್ಮ ಮನಿತನಕ ಹೋಗಿತ್ತದು. ನಮ್ಮ ಅಬ್ಬಾ ಫೋನ್ ಮಾಡಿ, ಕಾಫಿ ಸಲುವಾಗಿ ಇಷ್ಟು ಯಾಕವ್ವಾ ಅಂದ್ರು." ಲೋಟ ಕಣ್ಣಿಗೆ ಬಿತ್ತು. "ಇದು?"

"ಯಾರು ಬೇಕಾದರೂ ಹಾಕಿ ನೋಡಬಹುದು."

ಪ್ಯೂರ್ ಪುಡಿಯ ಡಬ್ಬ ಮುಂದಿಟ್ಟೆ. ಒಂದು ಚಿಟಿಕೆ ಉದುರಿಸಿ, ಬಗ್ಗಿ ನೋಡಿದಳು. ಪುಡಿ ಮೇಲೆಯೇ ನಿಂತಿತು. ನೀರು ನೀರಾಗಿಯೇ ಇತ್ತು. ನಾನು ಉಸಿರು ಬಿಗಿ ಹಿಡಿದಿದ್ದೆ, ನನ್ನದೇ ಅಂಗಡಿಯಲ್ಲಿ ನನ್ನದೇ ಪುಡಿಗೆ.

"ತೇಲತೈತಿ," ಎಂದಳು. ಬೆರಳು ಒರೆಸಿಕೊಂಡಳು. "ಕಾಲು ಕಿಲೋ ಕೊಡ್ರಿ. ಎಪ್ಪತ್ತು-ಮೂವತ್ತು."

"ಯಾಕಮ್ಮಾ?" ಹೆಂಡತಿ ಕೇಳಿದಳು. "ಪ್ಯೂರ್ ತಗೋ. ದುಡ್ಡು ಬೇಡ."

"ರೊಕ್ಕದ ಮಾತಲ್ರಿ ಆಂಟಿ. ಅದರಾಗ ಏನೈತಿ ಅಂತ ಮೊದಲ ಗೊತ್ತಿರ್ತದಲ್ರಿ."

ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನ ನಂಬರು ಹೇಳುವಂತೆ ಹೇಳಿದಳು. ನಾನು ಬೀಜ ತೂಗಿದೆ, ಚಿಕೋರಿ ತೂಗಿದೆ. ಬೆರಕೆಯ ಯಂತ್ರದ ಮುಂದೆ ನಿಂತೆ. ಬೆರಕೆ ಬೀಸುವುದಕ್ಕೆ ಬಾಯಿ ತೊಳೆಸುವ ಅಗತ್ಯವಿಲ್ಲ, ಯಾರೂ ತೊಳೆಸುವುದಿಲ್ಲ. ನಾನು ಒಂದು ಹಿಡಿ ಬರೀ ಬೀಜ ಹಾಕಿ ಓಡಿಸಿದೆ, ಬಂದ ಪುಡಿಯನ್ನು ಪಕ್ಕಕ್ಕೆ ಸುರಿದೆ. ಅವಳು ನೋಡುತ್ತಾ ನಿಂತಿದ್ದಳು. ಆಮೇಲೆ ಅವಳದನ್ನು ಹಾಕಿದೆ.